ಕಿಕ್ಕಿರಿದ ಶಾಲೆಯನ್ನು ಖಾಲಿ ಮಾಡುವುದು: ಬೆಂಕಿ ಮತ್ತು ಭೂಕಂಪದ ಅಣಕು ಕವಾಯತಿನ ಸಮಗ್ರ ಮಾರ್ಗದರ್ಶಿ

ಗಂಟೆ ಬಾರಿಸಿ ಮಕ್ಕಳನ್ನೆಲ್ಲ ಮೈದಾನಕ್ಕೆ ಕರೆತಂದು, ಫೋಟೊ ತೆಗೆದು, ವರದಿ ಕಳಿಸುವುದಕ್ಕೆ ಹದಿನೈದು ನಿಮಿಷ ಸಾಕು. ಅದು ಕವಾಯತಲ್ಲ, ಪ್ರಾರ್ಥನಾ ಸಭೆಯ ಇನ್ನೊಂದು ರೂಪ. ನಿಜವಾದ ಕವಾಯತು ಎರಡು ವಿಷಯಗಳನ್ನು ಪರೀಕ್ಷೆಗೆ ಒಡ್ಡಬೇಕು. ಮೊದಲನೆಯದು ಮೆಟ್ಟಿಲು. ಕಿಕ್ಕಿರಿದ ಕಟ್ಟಡದಲ್ಲಿ ಮಕ್ಕಳ ಓಟದ ವೇಗ ಲೆಕ್ಕಕ್ಕೆ ಬರುವುದಿಲ್ಲ, ಮೆಟ್ಟಿಲು ಎಷ್ಟು ಜನರನ್ನು ಇಳಿಸಬಲ್ಲದು ಎಂಬುದಷ್ಟೇ ಬರುತ್ತದೆ. ಎರಡನೆಯದು ಸೂಚನೆ. ಬೆಂಕಿ ಬಿದ್ದರೆ ತಕ್ಷಣ ಹೊರಡಬೇಕು, ಭೂಮಿ ನಡುಗಿದರೆ ನಡುಕ ನಿಲ್ಲುವವರೆಗೆ ಕದಲಬಾರದು. ಈ ಎರಡಕ್ಕೂ ಒಂದೇ ಗಂಟೆ ಬಾರಿಸುವ ಶಾಲೆ, ಭೂಕಂಪದ ದಿನ ಮಕ್ಕಳನ್ನು ತಾನೇ ಮೆಟ್ಟಿಲ ಮೇಲೆ ತಂದು ನಿಲ್ಲಿಸುತ್ತದೆ.

ವಿವರಣೆಗೆ ಒಂದು ಮಾದರಿ ಕಟ್ಟಡವನ್ನು ಇಟ್ಟುಕೊಳ್ಳೋಣ. ನೆಲಮಹಡಿಯ ಮೇಲೆ ಇನ್ನೆರಡು ಮಹಡಿ. ನೆಲಮಹಡಿಯಲ್ಲಿ 270, ಮೊದಲ ಮಹಡಿಯಲ್ಲಿ 280, ಎರಡನೆಯದರಲ್ಲಿ 300 ಮಕ್ಕಳು, ಒಟ್ಟು 850. ಮುಂದೆ ಒಂದು, ಹಿಂದೆ ಒಂದು, ತಲಾ ಒಂದೂವರೆ ಮೀಟರ್ ಅಗಲದ ಎರಡು ಮೆಟ್ಟಿಲು. ನೆಲಮಹಡಿಯ ಮೂಲೆಯಲ್ಲಿ ಬಿಸಿಯೂಟದ ಅಡುಗೆಮನೆ. ನಿಮ್ಮ ಶಾಲೆಯ ಅಂಕಿಗಳನ್ನು ಇದೇ ಕ್ರಮದಲ್ಲಿ ಹಾಕಿಕೊಳ್ಳಿ.

ಮೊದಲು ಮೆಟ್ಟಿಲನ್ನು ಅಳೆಯಿರಿ

ಯೋಜನೆ ಬರೆಯುವ ಮೊದಲು ಒಂದು ಮಧ್ಯಾಹ್ನ ಇದಕ್ಕಾಗಿ ತೆಗೆದಿಡಿ. ಐವತ್ತು ಮಕ್ಕಳ ಒಂದು ತರಗತಿಯನ್ನು ಎರಡು ಸಾಲಿನಲ್ಲಿ, ಒಂದು ಸಾಲು ಗೋಡೆಯ ಕಡೆ, ಇನ್ನೊಂದು ಕಂಬಿಯ ಕಡೆ, ಓಡದೆ ಬೇಗ ನಡೆಯುವ ಗತಿಯಲ್ಲಿ ಇಳಿಸಿ. ಮೊದಲ ಮಗು ಕೊನೆಯ ಮೆಟ್ಟಿಲಿನಿಂದ ನೆಲಕ್ಕೆ ಕಾಲಿಟ್ಟಾಗ ಗಡಿಯಾರ ಒತ್ತಿ, ಕೊನೆಯ ಮಗು ಇಟ್ಟಾಗ ನಿಲ್ಲಿಸಿ. ಒಂದೂವರೆ ಮೀಟರ್ ಮೆಟ್ಟಿಲಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ ಅರವತ್ತು-ಎಪ್ಪತ್ತು ಮಕ್ಕಳು ಇಳಿಯುತ್ತಾರೆ. ಸುರಕ್ಷತೆಗಾಗಿ ಅರವತ್ತು ಎಂದೇ ಹಿಡಿಯಿರಿ.

ಈಗ ಲೆಕ್ಕ ಹಾಕಿ. ಮೇಲಿನ ಎರಡು ಮಹಡಿಗಳಲ್ಲಿ 580 ಮಕ್ಕಳಿದ್ದಾರೆ. ಎರಡೂ ಮೆಟ್ಟಿಲು ತೆರೆದಿದ್ದರೆ ಒಂದೊಂದಕ್ಕೆ 290, ಅಂದರೆ ಸುಮಾರು ಐದು ನಿಮಿಷ. ಗಂಟೆ ಕೇಳಿ ಎದ್ದು ಸಾಲು ಹಿಡಿಯಲು ಇನ್ನೊಂದು ನಿಮಿಷ ಬೇಕು. ಒಂದು ಮೆಟ್ಟಿಲಿಗೆ ಹೊಗೆ ತುಂಬಿದರೆ ಐದು ನಿಮಿಷ ಹತ್ತಾಗುತ್ತದೆ. ಮೆಟ್ಟಿಲ ಗೂಡು ಚಿಮಣಿಯಂತೆ ಹೊಗೆಯನ್ನು ಮೇಲಕ್ಕೆ ಎಳೆಯುವುದರಿಂದ ಆ ಹತ್ತು ನಿಮಿಷ ನಿಮಗೆ ಸಿಗುತ್ತದೆ ಎಂದು ನಂಬುವಂತಿಲ್ಲ. ಮಕ್ಕಳನ್ನು "ಬೇಗ ಬೇಗ" ಎಂದು ದಬಾಯಿಸಿದರೂ ಈ ಸಂಖ್ಯೆ ಬದಲಾಗುವುದಿಲ್ಲ. ನೂಕಾಟದಲ್ಲಿ ಒಂದು ಮಗು ಮುಗ್ಗರಿಸಿದರೆ ಇಡೀ ಮೆಟ್ಟಿಲೇ ನಿಂತುಹೋಗುತ್ತದೆ.

ಆದ್ದರಿಂದ ಯೋಜನೆಯ ಅತಿ ದೊಡ್ಡ ಕೆಲಸ ಕವಾಯತಿಗೂ ಮೊದಲೇ ಬರುತ್ತದೆ: ಎರಡನೆಯ ಮೆಟ್ಟಿಲನ್ನು ಉಳಿಸಿಕೊಳ್ಳುವುದು. ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಶಿಸ್ತಿನ ಹೆಸರಲ್ಲಿ ಬೀಗ, ಅದರ ಕೆಳಗಿನ ಜಾಗದಲ್ಲಿ ಮುರಿದ ಡೆಸ್ಕು, ಹಳೆಯ ಉತ್ತರಪತ್ರಿಕೆ, ಅಕ್ಕಿ ಮೂಟೆ, ಕ್ರೀಡಾದಿನದ ಶಾಮಿಯಾನದ ಬಟ್ಟೆ ಇರುವುದು ಬಹಳ ಕಡೆ ಕಾಣುವ ನೋಟ. ಮೆಟ್ಟಿಲಿನ ಕೆಳಗೆ ಸುಡುವ ವಸ್ತು ಇಡುವುದೆಂದರೆ ಒಲೆಯ ಮೇಲೆ ದಾರಿ ಕಟ್ಟಿದಂತೆ. ಅಲ್ಲಿಂದ ಎಲ್ಲವನ್ನೂ ತೆಗೆಸಿ. ಶಾಲೆ ನಡೆಯುವ ಹೊತ್ತಿನಲ್ಲಿ ಆ ಬಾಗಿಲಿಗೆ ಬೀಗ ಇರಕೂಡದು. ಹೊರಗಿನವರು ಬರುತ್ತಾರೆಂಬ ಭಯವಿದ್ದರೆ ಒಳಗಿನಿಂದ ಮಗುವೂ ತೆಗೆಯಬಹುದಾದ ಚಿಲಕ ಹಾಕಿಸಿ. ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಒಳಕ್ಕೆ ತೆರೆಯುವ ಬಾಗಿಲನ್ನು ಹಿಂದಿನಿಂದ ಒತ್ತುವ ಗುಂಪೇ ಮುಚ್ಚಿಬಿಡುತ್ತದೆ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯಲ್ಲಿ ಹುಟ್ಟಿದ ಬೆಂಕಿ ಗರಿಯ ಚಾವಣಿಗೆ ತಗುಲಿ 94 ಮಕ್ಕಳು ತೀರಿಕೊಂಡರು. ಅಡುಗೆಮನೆ, ಸುಡುವ ಚಾವಣಿ, ಇಕ್ಕಟ್ಟಾದ ದಾರಿ, ಈ ಮೂರೂ ನಿಮ್ಮ ಕಟ್ಟಡದಲ್ಲಿ ಎಲ್ಲಿ ಒಂದರ ಬಳಿ ಒಂದಿವೆ ಎಂದು ನಕ್ಷೆಯ ಮೇಲೆ ಗುರುತು ಹಾಕಿ. ಮಾದರಿ ಶಾಲೆಯಲ್ಲಿ ಅಡುಗೆಮನೆ ಹಿಂದಿನ ಮೆಟ್ಟಿಲಿನ ಪಕ್ಕದಲ್ಲೇ ಇದ್ದರೆ, ಬೆಂಕಿಯ ಸಾಧ್ಯತೆ ಹೆಚ್ಚಿರುವ ಜಾಗವೇ ಒಂದು ಮೆಟ್ಟಿಲನ್ನು ಕಸಿದುಕೊಳ್ಳುತ್ತದೆ ಎಂದರ್ಥ. ಸಿಲಿಂಡರುಗಳನ್ನಾದರೂ ಅಲ್ಲಿಂದ ಹೊರಗೆ, ಗಾಳಿಯಾಡುವ ಜಾಲರಿ ಗೂಡಿಗೆ ಸ್ಥಳಾಂತರಿಸಿ.

ಶಾಲೆಗೆ ಇರುವುದೇ ಒಂದು ಮೆಟ್ಟಿಲಾದರೆ ಯಾವ ಕವಾಯತೂ ಆ ಕೊರತೆಯನ್ನು ತುಂಬುವುದಿಲ್ಲ. ಹೊರಗೋಡೆಗೆ ಕಬ್ಬಿಣದ ಮೆಟ್ಟಿಲು ಕಟ್ಟಿಸುವವರೆಗೆ ಮೇಲಿನ ಮಹಡಿಯ ತರಗತಿಗಳನ್ನು ಕಡಿಮೆ ಮಾಡಿ. ಪಾಳಿ ಪದ್ಧತಿಯಾದರೂ ಸರಿ.

ಎರಡು ಸೂಚನೆ, ಗೊಂದಲವಿಲ್ಲದಂತೆ

ವಿದ್ಯುತ್ ಗಂಟೆಯನ್ನು ನಂಬಬೇಡಿ. ಬೆಂಕಿ, ಭೂಕಂಪ ಎರಡರಲ್ಲೂ ಮೊದಲು ಹೋಗುವುದು ಕರೆಂಟು. ಪ್ರತಿ ಮಹಡಿಗೆ ಒಂದು ಕೈಗಂಟೆ ಅಥವಾ ತೂಗುಹಾಕಿದ ಕಂಬಿ ತುಂಡು, ಪ್ರತಿ ಮಹಡಿಯ ಉಸ್ತುವಾರಿ ಶಿಕ್ಷಕರ ಕೊರಳಲ್ಲಿ ಒಂದು ಸೀಟಿ ಇರಲಿ.

ಬೆಂಕಿಗೆ: ನಿಲ್ಲದೆ ಬಡಿಯುವ ಗಂಟೆ. ಅರ್ಥ ಒಂದೇ, ಹೊರಡಿ. ಬೆಂಕಿ ಕಂಡ ಯಾರೇ ಆಗಲಿ, ಐದನೇ ತರಗತಿಯ ಮಗುವೇ ಆಗಲಿ, ಈ ಗಂಟೆ ಬಡಿಯಬಹುದು. ಮುಖ್ಯಶಿಕ್ಷಕರ ಒಪ್ಪಿಗೆಗೆ ಕಾಯುವ ಶಾಲೆಯಲ್ಲಿ ಮೊದಲ ಎರಡು ನಿಮಿಷ ಅವರನ್ನು ಹುಡುಕುವುದರಲ್ಲೇ ಕಳೆದುಹೋಗುತ್ತದೆ.

ಭೂಕಂಪಕ್ಕೆ: ನಡುಕವೇ ಸೂಚನೆ. ಕವಾಯತಿನಲ್ಲಿ ಅದರ ಬದಲಿಗೆ ಬಿಟ್ಟು ಬಿಟ್ಟು ಊದುವ ಗಿಡ್ಡ ಸೀಟಿ ಬಳಸಿ. ಸೀಟಿ ಊದುತ್ತಿರುವಷ್ಟು ಹೊತ್ತು ಬಾಗಿ ಮರೆಯಾಗಿರಬೇಕು. ನಿಂತ ಮೇಲೂ ಕೂಡಲೇ ಓಡುವಂತಿಲ್ಲ. ಮಹಡಿಯ ಉಸ್ತುವಾರಿ ಮೆಟ್ಟಿಲನ್ನು ನೋಡಿ ಬಂದು ಗಂಟೆ ಬಡಿದಾಗಲೇ ಹೊರಡಬೇಕು. ಹೀಗಾದರೆ ಮಕ್ಕಳು ನೆನಪಿಡಬೇಕಾದ್ದು ಒಂದೇ: ಸೀಟಿ ಅಂದರೆ ಬಾಗು, ಗಂಟೆ ಅಂದರೆ ಹೊರಡು.

ಯಾರು ಏನು ಮಾಡಬೇಕು

ಹೆಸರು ಹಾಕಿ ಜವಾಬ್ದಾರಿ ಕೊಟ್ಟರೆ ಆ ವ್ಯಕ್ತಿ ರಜೆ ಹಾಕಿದ ದಿನ ಯೋಜನೆಯೂ ರಜೆ ಹಾಕುತ್ತದೆ. ಜಾಗಕ್ಕೆ ಜವಾಬ್ದಾರಿ ಕೊಡಿ: ಗಂಟೆ ಬಡಿದ ಹೊತ್ತಿನಲ್ಲಿ ಆ ತರಗತಿಯಲ್ಲಿ ಪಾಠ ಮಾಡುತ್ತಿರುವವರೇ ಆ ಮಕ್ಕಳಿಗೆ ಹೊಣೆ, ತರಗತಿ ಶಿಕ್ಷಕರು ಎಲ್ಲೇ ಇರಲಿ.

ಪಾಠ ಮಾಡುತ್ತಿರುವ ಶಿಕ್ಷಕರು ಮೊದಲು ಹಾಜರಿ ಪುಸ್ತಕ ಕೈಗೆತ್ತಿಕೊಳ್ಳುತ್ತಾರೆ, ಬಾಗಿಲಲ್ಲಿ ನಿಂತು ವರಾಂಡದಲ್ಲಿ ಹೊಗೆ ಇದೆಯೇ ನೋಡುತ್ತಾರೆ, ಮಕ್ಕಳನ್ನು ಮುಂದೆ ಬಿಟ್ಟು ತಾವು ಕೊನೆಯಲ್ಲಿ ಹೊರಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಬೀಗ ಹಾಕುವುದಿಲ್ಲ. ಮುಚ್ಚಿದ ಬಾಗಿಲು ಹೊಗೆಯನ್ನು ತಡೆಯುತ್ತದೆ, ಜೊತೆಗೆ ಈ ಕೊಠಡಿ ಖಾಲಿ ಎಂಬ ಗುರುತೂ ಆಗುತ್ತದೆ.

ಆ ಅವಧಿಯಲ್ಲಿ ಪಾಠವಿಲ್ಲದ ಶಿಕ್ಷಕರು ಬಿಡುವಾಗಿರುವವರಲ್ಲ, ಅವರೇ ಮೆಟ್ಟಿಲು ಕಾಯುವವರು. ಪ್ರತಿ ತಿರುವಿನಲ್ಲಿ ಒಬ್ಬರು. ಅವರ ಕೆಲಸ ಕೂಗುವುದಲ್ಲ, ಸಾಲು ಸೇರುವಲ್ಲಿ ಯಾರು ನಿಲ್ಲಬೇಕು ಎಂದು ತೀರ್ಮಾನಿಸುವುದು. ಎರಡನೇ ಮಹಡಿಯಿಂದ ಇಳಿಯುವ ಸಾಲಿಗೆ ಮೊದಲ ಮಹಡಿಯ ಮಕ್ಕಳು ಸೇರುವ ಜಾಗವೇ ಪ್ರತಿ ಕವಾಯತಿನಲ್ಲೂ ಗಂಟು ಬೀಳುವುದು. ನಿಯಮ ಹೀಗಿರಲಿ: ಮೆಟ್ಟಿಲ ಮೇಲಿರುವವರು ನಿಲ್ಲಬಾರದು, ನಿಲ್ಲಬೇಕಾದವರು ಸಮತಟ್ಟಾದ ವರಾಂಡದಲ್ಲಿ ನಿಲ್ಲಲಿ. ಇಳಿಜಾರಿನಲ್ಲಿ ನಿಂತ ಸಾಲಿನ ಮೇಲೆ ಹಿಂದಿನವರ ಭಾರ ಬೀಳುತ್ತದೆ, ವರಾಂಡದಲ್ಲಿ ಬೀಳುವುದಿಲ್ಲ. ಇದಕ್ಕೆ ಒಂದೇ ಅಪವಾದ, ಬೆಂಕಿ ಮೊದಲ ಮಹಡಿಯಲ್ಲೇ ಇದ್ದರೆ ಆ ಮಹಡಿಯವರು ಮೊದಲು ಹೋಗಬೇಕು. ಆಗ ಕಾವಲಿನ ಶಿಕ್ಷಕರು ಮೇಲಿನ ಸಾಲನ್ನು ಎರಡನೇ ಮಹಡಿಯ ವರಾಂಡದಲ್ಲೇ ಹಿಡಿದು, ಇನ್ನೊಂದು ಮೆಟ್ಟಿಲಿನತ್ತ ತಿರುಗಿಸುತ್ತಾರೆ.

ಅಡುಗೆ ಸಿಬ್ಬಂದಿ ಒಲೆ ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ ಹೊರಬರುತ್ತಾರೆ. ಸಿಲಿಂಡರಿನ ಬಳಿಯೇ ಬೆಂಕಿಯಿದ್ದರೆ ಮುಚ್ಚಲು ಹೋಗಕೂಡದು. ಜವಾನರು ಮುಖ್ಯ ಗೇಟಿನ ಎರಡೂ ರೆಕ್ಕೆ ತೆರೆದು, ಎದುರಿನ ಬೈಕು, ಆಟೋಗಳನ್ನು ಸರಿಸುತ್ತಾರೆ. ಅಗ್ನಿಶಾಮಕ ವಾಹನಕ್ಕೆ ಸಣ್ಣ ಗೇಟು ಸಾಲದು. ಕಚೇರಿ ಗುಮಾಸ್ತರು 101 ಅಥವಾ 112ಕ್ಕೆ ಕರೆ ಮಾಡಿ ಶಾಲೆಯ ಹೆಸರು, ಹತ್ತಿರದ ಗುರುತು, ಯಾವ ಮಹಡಿ, ಒಳಗೆ ಯಾರಾದರೂ ಉಳಿದಿದ್ದಾರೆಯೇ ಎಂಬಿಷ್ಟನ್ನು ಹೇಳುತ್ತಾರೆ. ಈ ನಾಲ್ಕು ಮಾತನ್ನು ದೂರವಾಣಿಯ ಪಕ್ಕದ ಗೋಡೆಗೆ ಬರೆದು ಅಂಟಿಸಿ, ಗಾಬರಿಯಲ್ಲಿ ಸ್ವಂತ ಶಾಲೆಯ ವಿಳಾಸವೂ ಮರೆಯುತ್ತದೆ.

ಮೇನ್ ಸ್ವಿಚ್ ವಿಷಯದಲ್ಲಿ ಆತುರ ಬೇಡ. ಕತ್ತಲ ಮೆಟ್ಟಿಲಿರುವ ಕಟ್ಟಡದಲ್ಲಿ ಮೊದಲ ನಿಮಿಷದಲ್ಲೇ ಎಲ್ಲ ಕರೆಂಟು ತೆಗೆದರೆ 580 ಮಕ್ಕಳು ಕತ್ತಲಲ್ಲಿ ಇಳಿಯಬೇಕಾಗುತ್ತದೆ. ಮೊದಲು ಅಡುಗೆಮನೆ ಮತ್ತು ಪ್ರಯೋಗಾಲಯದ ಸ್ವಿಚ್, ಮೆಟ್ಟಿಲು ಖಾಲಿಯಾದ ಮೇಲೆ ಮೇನ್. ಬೆಂಕಿ ಹೊತ್ತಿದ್ದು ವಿದ್ಯುತ್ ಫಲಕದಲ್ಲೇ ಆದರೆ ಅದನ್ನು ಮುಟ್ಟಬಾರದು.

ಅಗ್ನಿಶಾಮಕ ಸಿಲಿಂಡರನ್ನು ಇಬ್ಬರು ಸಿಬ್ಬಂದಿ ಮಾತ್ರ ಬಳಸಲಿ, ಅದೂ ಬೆಂಕಿ ಕಸದ ಬುಟ್ಟಿಗಿಂತ ದೊಡ್ಡದಿಲ್ಲದಾಗ, ಹೊರಹೋಗುವ ಬಾಗಿಲು ಬೆನ್ನ ಹಿಂದೆ ಇದ್ದಾಗ. ಶಾಲೆಗಳಲ್ಲಿ ತೂಗುಹಾಕುವ ಪುಡಿಯ ಸಿಲಿಂಡರ್ ಅರ್ಧ ನಿಮಿಷವೂ ಬರುವುದಿಲ್ಲ. ಅದು ಮುಗಿದೂ ಬೆಂಕಿ ಉಳಿದಿದ್ದರೆ ಬಾಗಿಲು ಎಳೆದುಕೊಂಡು ಹೊರಡಬೇಕು.

ದೊಡ್ಡ ಮಕ್ಕಳಿಗೆ ಕೊಡಬಹುದಾದದ್ದು, ಕೊಡಬಾರದ್ದು

ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಒಂದನೇ ತರಗತಿಯವರ ಕೈಹಿಡಿದು ಹೊರತರಲಿ ಎಂದು ಎಲ್ಲರೂ ಬರೆಯುತ್ತಾರೆ. ಆದರೆ ದೊಡ್ಡವರು ಸಾಮಾನ್ಯವಾಗಿ ಎರಡನೇ ಮಹಡಿಯಲ್ಲಿ, ಪುಟ್ಟವರು ನೆಲಮಹಡಿಯಲ್ಲಿ ಇರುತ್ತಾರೆ. ಮೇಲಿನವರು ಇಳಿದು ಬರುವಷ್ಟರಲ್ಲಿ ಪುಟ್ಟವರು ಹೊರಗಿರಬೇಕು. ಕಾಯುತ್ತಾ ಕೂತರೆ ಅನಾಹುತ. ಇದಕ್ಕೆ ಸರಳ ಪರಿಹಾರ ಕೊಠಡಿಗಳ ಅದಲುಬದಲು: ಮೂರನೇ ತರಗತಿಯ ಒಂದು ವಿಭಾಗವನ್ನು ಮೊದಲ ಮಹಡಿಗೆ ಏರಿಸಿ, ಒಂಬತ್ತನೇ ತರಗತಿಯ ಒಂದು ವಿಭಾಗವನ್ನು ಒಂದನೇ ತರಗತಿಯ ಪಕ್ಕದ ಕೊಠಡಿಗೆ ಇಳಿಸಿ. ಗಂಟೆ ಬಡಿದಾಗ ಆ ದೊಡ್ಡವರು ಪಕ್ಕದ ಕೊಠಡಿಯ ಬಾಗಿಲಿಗೆ ಹೋಗಿ ತಲಾ ಒಬ್ಬ ಪುಟ್ಟವರ ಕೈಹಿಡಿಯುತ್ತಾರೆ. ಜೋಡಿ ಮೊದಲೇ ನಿಗದಿಯಾಗಿ, ಹೆಸರು ಗೊತ್ತಿರಬೇಕು. ಅಪರಿಚಿತ ಅಕ್ಕನ ಕೈಗೆ ಐದು ವರ್ಷದ ಮಗು ಬರುವುದಿಲ್ಲ, ಅಳುತ್ತಾ ಬೆಂಚಿನ ಕೆಳಗೆ ಸೇರುತ್ತದೆ.

ಮೇಲಿನ ತರಗತಿಗಳಲ್ಲಿ ಪ್ರತಿ ಕೊಠಡಿಗೆ ಇಬ್ಬರು ಸಾಕು: ಸಾಲಿನ ಮುಂದೊಬ್ಬ, ಹಿಂದೊಬ್ಬ. ಮುಂದಿನವನಿಗೆ ಎರಡೂ ದಾರಿ ಗೊತ್ತಿರಬೇಕು, ಹಿಂದಿನವಳು ಚೀಲಕ್ಕೆ, ಚಪ್ಪಲಿಗೆ ತಿರುಗುವವರನ್ನು ಮುಂದಕ್ಕೆ ಕಳಿಸಬೇಕು. ಬಾಗಿಲಾಚೆ ಬಿಟ್ಟ ಚಪ್ಪಲಿ ಹುಡುಕುವುದೇ ನಮ್ಮ ಶಾಲೆಗಳ ಅತಿ ದೊಡ್ಡ ತಡೆ. ಬರಿಗಾಲಲ್ಲೇ ಹೊರಡಬೇಕೆಂದು ಕವಾಯತಿನಲ್ಲೇ ರೂಢಿಯಾಗಲಿ, ಚಪ್ಪಲಿ ಗೂಡು ದಾರಿಯಿಂದ ಸರಿಯಲಿ. ಸ್ಕೌಟ್ ಮತ್ತು ಗೈಡ್ ಮಕ್ಕಳು ಮೈದಾನದಲ್ಲಿ ಸಾಲು ನಿಲ್ಲಿಸುವುದು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಹಿಡಿಯುವುದು ಮಾಡಬಹುದು.

ಶೌಚಾಲಯ ಹುಡುಕುವುದು, ಮೆಟ್ಟಿಲು ಮತ್ತೆ ಹತ್ತುವುದು, ಬೆಂಕಿ ಆರಿಸುವುದು ಈ ಮೂರನ್ನು ಯಾವ ವಿದ್ಯಾರ್ಥಿಗೂ ಒಪ್ಪಿಸಬೇಡಿ. ಎಷ್ಟೇ ಗಟ್ಟಿಮುಟ್ಟಾಗಿರಲಿ, ಅವರೂ ನಿಮ್ಮ ಲೆಕ್ಕಕ್ಕೆ ಸಿಗಬೇಕಾದ ಮಕ್ಕಳೇ. ಶೌಚಾಲಯ, ಗ್ರಂಥಾಲಯ, ಪ್ರಯೋಗಾಲಯಗಳನ್ನು ಮಹಡಿಯ ಉಸ್ತುವಾರಿ ಶಿಕ್ಷಕರೇ ಇಳಿಯುವಾಗ ತಟ್ಟಿ ನೋಡಬೇಕು. ಗಾಲಿಕುರ್ಚಿ ಬಳಸುವ ಮಗುವಿದ್ದರೆ ಆ ತರಗತಿಯೇ ನೆಲಮಹಡಿಗೆ ಬರಲಿ.

ನಡುಕದ ಅರವತ್ತು ಸೆಕೆಂಡು

ಗಟ್ಟಿ ಡೆಸ್ಕಿದ್ದರೆ ಅದರ ಕೆಳಗೆ ಮಂಡಿಯೂರಿ, ಒಂದು ಕೈಯಿಂದ ಅದರ ಕಾಲು ಹಿಡಿದು, ಇನ್ನೊಂದರಿಂದ ಕತ್ತು ಮುಚ್ಚಿಕೊಳ್ಳಬೇಕು. ಡೆಸ್ಕು ಸರಿದರೆ ಜೊತೆಗೆ ತಾವೂ ಸರಿಯಲೆಂದೇ ಹಿಡಿಯುವುದು. ಚಾಪೆಯ ಮೇಲೆ ಕೂರುವ ತರಗತಿಗಳಲ್ಲಿ ಡೆಸ್ಕೇ ಇರುವುದಿಲ್ಲ. ಅಲ್ಲಿ ಕಿಟಕಿ, ಬೀರು, ಫ್ಯಾನಿನ ನೇರದಿಂದ ದೂರ ಸರಿದು, ಮುದುಡಿ ಕೂತು, ಪುಸ್ತಕ ತುಂಬಿದ ಚೀಲವನ್ನು ತಲೆ-ಕತ್ತಿನ ಮೇಲೆ ಹಿಡಿಯುವುದನ್ನು ಕಲಿಸಿ. ಬೀರುಗಳನ್ನು ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿಸಿದರೆ ಅರ್ಧ ಅಪಾಯ ಮುಂಚೆಯೇ ತಪ್ಪುತ್ತದೆ.

ಓಡಬೇಡಿ ಎನ್ನುವುದೇಕೆಂದರೆ, ನಡುಗುವ ನೆಲದ ಮೇಲೆ ಓಡುವವರು ಬೀಳುತ್ತಾರೆ, ಬಾಗಿಲಾಚೆ ಸಜ್ಜಾ, ಪ್ಯಾರಾಪೆಟ್, ಗಾಜು ಉದುರುವುದೂ ಆ ಹೊತ್ತಿಗೇ. ಇದಕ್ಕೊಂದು ಮಿತಿಯಿದೆ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ ಭೂಕಂಪದಲ್ಲಿ ಜನರನ್ನು ಹೂತದ್ದು ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆಗಳು ಮತ್ತು ಅವುಗಳ ಮೇಲಿನ ಭಾರದ ಮಾಳಿಗೆ. ಬೀದರ್, ಕಲಬುರಗಿ ಕಡೆ ಅಂಥದ್ದೇ ಹಳೆಯ ಕೊಠಡಿಯಲ್ಲಿ ಪಾಠ ನಡೆಯುತ್ತಿದ್ದರೆ ಡೆಸ್ಕಿನ ರಕ್ಷಣೆ ಅಲ್ಲಿ ಸಾಲದು. ಒಂದೇ ಅಂತಸ್ತಿನ ಆ ಕೊಠಡಿಯ ಬಾಗಿಲು ನೇರ ಬಯಲಿಗೆ ತೆರೆಯುವುದಾದರೆ, ಬಾಗಿಲ ಪಕ್ಕದವರು ಮೊದಲ ಕ್ಷಣದಲ್ಲೇ ಹೊರಗೆ ಹಾರುವುದು ಮೇಲು. ಅದಕ್ಕಿಂತ ಮೇಲು, ಆ ಕೊಠಡಿಯಲ್ಲಿ ಮಕ್ಕಳನ್ನು ಕೂರಿಸದಿರುವುದು.

ಕವಾಯತಿನಲ್ಲಿ ಸೀಟಿಯನ್ನು ಪೂರ್ತಿ ಅರವತ್ತು ಸೆಕೆಂಡು ಊದಿ. ಬಾಗಿ ಕೂತವರಿಗೆ ಅದು ಬಹಳ ದೀರ್ಘ ಎನಿಸುತ್ತದೆ, ಆ ಅಭ್ಯಾಸವೇ ಬೇಕಾದ್ದು. ಇಳಿಯುವಾಗ ಇನ್ನೊಮ್ಮೆ ಸೀಟಿ ಊದಿ, ಮರುಕಂಪನವೆಂದು. ಮೆಟ್ಟಿಲ ಮೇಲಿದ್ದವರು ಅಲ್ಲೇ ಕೂತು ಕಂಬಿ ಹಿಡಿಯಬೇಕು.

ಎಲ್ಲಿ ನಿಲ್ಲಬೇಕು

ಮಾದರಿ ಕಟ್ಟಡದ ಎತ್ತರ ಪ್ಯಾರಾಪೆಟ್ ಸೇರಿ ಸುಮಾರು 11 ಮೀಟರ್. ಸಾಲುಗಳು ಗೋಡೆಯಿಂದ ಕನಿಷ್ಠ ಅಷ್ಟು ದೂರ, ಸಾಧ್ಯವಾದರೆ ಅದರ ಒಂದೂವರೆ ಪಟ್ಟು ನಿಲ್ಲಬೇಕು. ಮಗುವಿಗೆ ಒಂದು ಚದರ ಮೀಟರ್ ಎಂದರೆ 850 ಮಕ್ಕಳಿಗೆ 30 ಮೀಟರ್ ಉದ್ದಗಲದ ಜಾಗ. ಕಾಂಪೌಂಡ್ ಗೋಡೆ, ವಿದ್ಯುತ್ ತಂತಿ, ನೀರಿನ ಟ್ಯಾಂಕ್ ಇವುಗಳ ಮಗ್ಗುಲು ಬೇಡ. ಮೈದಾನ ಸಾಲದೆ ಹೊರಗೆ ಹೋಗಬೇಕಾದರೆ ದಾರಿಯ ಆಯ್ಕೆಯೇ ಜೀವದ ಪ್ರಶ್ನೆ: 2001ರ ಜನವರಿ 26ರಂದು ಗುಜರಾತಿನ ಅಂಜಾರಿನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿದ್ದ ಶಾಲಾಮಕ್ಕಳು, ಶಿಕ್ಷಕರು ಸತ್ತದ್ದು ಇಕ್ಕಟ್ಟು ಗಲ್ಲಿಯ ಎರಡೂ ಬದಿಯ ಮನೆಗಳು ಕುಸಿದು. ನಿಮ್ಮ ಸಾಲು ಅಂಥ ಗಲ್ಲಿ ಹಾಯಬಾರದು.

ಲೆಕ್ಕ ತಪ್ಪುವುದು ಇಲ್ಲೇ. ಬೆಳಿಗ್ಗೆಯ ಹಾಜರಿಯಲ್ಲಿ 48 ಇದ್ದು ಮೈದಾನದಲ್ಲಿ 46 ಬಂದರೆ, ಆ ಇಬ್ಬರು ಒಳಗಿದ್ದಾರೋ ಊಟಕ್ಕೆ ಮನೆಗೆ ಹೋದರೋ ಯಾರಿಗೂ ತಿಳಿಯುವುದಿಲ್ಲ. ಅರ್ಧದಿನ ಹೋಗುವವರ ಹೆಸರನ್ನು ಹೊರಡುವ ಕ್ಷಣದಲ್ಲೇ ಹಾಜರಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತಿಸುವ ರೂಢಿ ಮಾಡಿ. ಬಿಸಿಯೂಟಕ್ಕೆ ದಿನವೂ ಎಣಿಸುವ ತರಗತಿವಾರು ಸಂಖ್ಯೆಯ ಒಂದು ಪ್ರತಿ ಗೇಟಿನ ಬಳಿಯ ಪೆಟ್ಟಿಗೆಯಲ್ಲಿದ್ದರೆ, ಪುಸ್ತಕ ಒಳಗೇ ಉಳಿದರೂ ಎಣಿಕೆ ನಡೆಯುತ್ತದೆ. ಪ್ರತಿ ಶಿಕ್ಷಕರು ದೈಹಿಕ ಶಿಕ್ಷಕರಿಗೆ ಕೊಡಬೇಕಾದ್ದು ಒಂದೇ ಚೀಟಿ: ತರಗತಿ, ಇಂದು ಬಂದವರು, ಈಗ ಇಲ್ಲಿರುವವರು, ಕಾಣದವರ ಹೆಸರು, ಕೊನೆಯದಾಗಿ ಕಂಡ ಜಾಗ. ಆ ಕೊನೆಯ ಸಾಲೇ ಅಗ್ನಿಶಾಮಕದವರಿಗೆ ಬೇಕಾದ್ದು.

ನಾಲ್ಕು ಕವಾಯತು, ಒಂದಕ್ಕಿಂತ ಒಂದು ಕಠಿಣ

ಜೂನಿನಲ್ಲಿ ಶಾಲೆ ಶುರುವಾದ ಮೊದಲ ವಾರ ಸಿಬ್ಬಂದಿ ಮಾತ್ರ ನಕ್ಷೆ ಹಿಡಿದು ದಾರಿ ನಡೆಯಲಿ. ಎರಡನೇ ವಾರ ಒಂದೊಂದೇ ಮಹಡಿ ಇಳಿಯಲಿ. ಮೂರನೆಯದು, ತಿಳಿಸಿ ಮಾಡುವ ಪೂರ್ಣ ಕವಾಯತು. ಮೆಟ್ಟಿಲ ಬುಡದಲ್ಲಿ ಒಬ್ಬರು ಗಡಿಯಾರ ಹಿಡಿದು, ಸಾಲು ಯಾವ ನಿಮಿಷದಲ್ಲಿ, ಎಲ್ಲಿ ನಿಂತಿತು ಎಂದು ಬರೆಯಬೇಕು. ಲೆಕ್ಕದಲ್ಲಿ ಐದು ನಿಮಿಷವಾಗಬೇಕಿದ್ದದ್ದು ಎಂಟಾದರೆ ಕಾರಣ ಬಹುತೇಕ ಮೆಟ್ಟಿಲ ಅಗಲವಲ್ಲ, ಹೊರಬಾಗಿಲಲ್ಲೇ ನಿಂತುಬಿಡುವ ಮೊದಲ ಸಾಲು. ಮೊದಲ ತರಗತಿ ಮೈದಾನದ ತುದಿಯವರೆಗೆ ಹೋಗಿ ನಿಲ್ಲಬೇಕು.

ನಾಲ್ಕನೆಯದೇ ನಿಜವಾದ ಪರೀಕ್ಷೆ. ಹೇಳದೆ ಕೇಳದೆ, ಊಟದ ಬಿಡುವು ಮುಗಿಯುವ ಹೊತ್ತಿಗೆ ಗಂಟೆ ಬಡಿಸಿ, ಹಿಂದಿನ ಮೆಟ್ಟಿಲಿಗೆ ಕೆಂಪು ಬಟ್ಟೆ ಅಡ್ಡ ಹಿಡಿದು "ಇಲ್ಲಿ ಹೊಗೆ" ಎಂದು ಒಬ್ಬ ಶಿಕ್ಷಕರನ್ನು ನಿಲ್ಲಿಸಿ. ಆಗ 580 ಮಕ್ಕಳು ಮುಂದಿನ ಮೆಟ್ಟಿಲಿಗೆ ತಿರುಗಬೇಕು, ಕೊನೆಯ ಕೊಠಡಿಗಳವರು ವರಾಂಡದಲ್ಲಿ ಕಾಯಬೇಕು. ಆ ವರಾಂಡಕ್ಕೂ ಹೊಗೆ ಬಂದರೆ ಏನು ಎಂಬುದನ್ನೂ ಅಭ್ಯಾಸ ಮಾಡಿಸಿ: ಕೊಠಡಿಗೆ ಮರಳಿ, ಬಾಗಿಲು ಮುಚ್ಚಿ, ಬಾಗಿಲ ಅಡಿಯ ಸಂದಿಗೆ ಒದ್ದೆ ಬಟ್ಟೆ ತುರುಕಿ, ಹೊರಗೋಡೆಯ ಕಿಟಕಿಯಿಂದ ಬಟ್ಟೆ ಬೀಸುವುದು. ಆ ಕಿಟಕಿಗಳಿಗೆ ತೆಗೆಯಲಾಗದ ಕಬ್ಬಿಣದ ಸರಳಿದ್ದರೆ, ಪ್ರತಿ ಕೊಠಡಿಯ ಒಂದು ಕಿಟಕಿಗಾದರೂ ಒಳಗಿನಿಂದ ಚಿಲಕ ತೆಗೆದು ತೆರೆಯಬಹುದಾದ ಜಾಲರಿ ಹಾಕಿಸಿ.

ಪೋಷಕರಿಗೆ ಮುಂಚೆಯೇ ಒಂದು ಮಾತು ತಿಳಿಸಿರಬೇಕು: ಮಗುವನ್ನು ಗೇಟಿನ ಬಳಿ, ದಾಖಲೆಯಲ್ಲಿ ಹೆಸರಿರುವ ಹಿರಿಯರಿಗೆ ಮಾತ್ರ, ಸಹಿ ಹಾಕಿಸಿಕೊಂಡು ಒಪ್ಪಿಸಲಾಗುವುದು. ಸುದ್ದಿ ಹರಡಿದ ಹತ್ತು ನಿಮಿಷದಲ್ಲಿ ರಸ್ತೆ ತುಂಬ ಬೈಕುಗಳಾಗುತ್ತವೆ. ಅವು ಗೇಟಿನಿಂದ ದೂರ ನಿಲ್ಲುವಂತೆ ನೆಲಕ್ಕೆ ಸುಣ್ಣದ ಗೆರೆ ಎಳೆದು, ಅದನ್ನು ಕಾಯಲು ಶಾಲಾ ಅಭಿವೃದ್ಧಿ ಸಮಿತಿಯ ಇಬ್ಬರನ್ನು ಗೊತ್ತುಮಾಡಿ.